ರಾತ್ರಿ ಬಸ್ಸಿನ ವೇಳಾಪಟ್ಟಿಯನ್ನು 24 ಗಂಟೆ ಲೆಕ್ಕಕ್ಕೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಹೊರಟು ಬೆಳಗ್ಗೆ ಊರು ಮುಟ್ಟುವ ಬಸ್ಸಿನ ಪಟ್ಟಿಯನ್ನು 24 ಗಂಟೆ ಲೆಕ್ಕಕ್ಕೆ ತರುವಾಗ ಹೆಚ್ಚಿನವರು ಗಂಟೆಯನ್ನು ಸರಿಯಾಗಿ ಬದಲಾಯಿಸುತ್ತಾರೆ, ತಾರೀಖನ್ನು ಮರೆಯುತ್ತಾರೆ. ನನ್ನ ಪ್ರಕಾರ ತಾರೀಖಿಲ್ಲದ ಪಟ್ಟಿ ಅರ್ಧ ಕೆಲಸ ಮಾತ್ರ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಉಳಿದರ್ಧದ ಬಗ್ಗೆಯೇ ಇವೆ.

ಉದಾಹರಣೆಗೆ ಒಂದೇ ಪ್ರಯಾಣವನ್ನು ಇಟ್ಟುಕೊಂಡಿದ್ದೇನೆ: ಬೆಂಗಳೂರಿನಿಂದ ಹುಬ್ಬಳ್ಳಿಗೆ, ಶನಿವಾರ, 28 ಫೆಬ್ರವರಿ 2026ರ ರಾತ್ರಿ 9.30ಕ್ಕೆ ಹೊರಡುವ ಬಸ್ಸು. ಈ ವೇಳೆಗಳು ಲೆಕ್ಕ ತೋರಿಸಲು ನಾನು ಬರೆದುಕೊಂಡವು. ಇವನ್ನು ನಂಬಿ ಬಸ್ ನಿಲ್ದಾಣಕ್ಕೆ ಹೋಗಬೇಡಿ.

## ಮೊದಲಿಗೆ, ಒಂದೊಂದೇ ವೇಳೆ

“ಪಿಎಂ ಅಂತ ಇದ್ರೆ 12 ಕೂಡಿಸೋದು, ಎಎಂ ಅಂತ ಇದ್ರೆ ಹಾಗೇ ಬಿಡೋದು. ಅಷ್ಟೇ ಅಲ್ವಾ?”

ಬಹುಪಾಲು ಅಷ್ಟೇ. ರಾತ್ರಿ 9.30 ಅಂದರೆ 21:30. ಮಧ್ಯಾಹ್ನ 3.15 ಅಂದರೆ 15:15. ಬೆಳಗ್ಗೆ 5.15 ಹಾಗೇ ಉಳಿಯುತ್ತದೆ, ಮುಂದೆ ಒಂದು ಸೊನ್ನೆ ಸೇರಿಸಿ 05:15 ಎಂದು ಬರೆಯುತ್ತೇವೆ. ಈ ಸೊನ್ನೆ ಅಂದಕ್ಕೆ ಇಟ್ಟಿದ್ದಲ್ಲ. ಕಂಪ್ಯೂಟರಿನಲ್ಲಿ ವೇಳೆಯನ್ನು ಪಠ್ಯವಾಗಿ ಇಟ್ಟು ಸಾಲಾಗಿ ಜೋಡಿಸಿದರೆ ಸೊನ್ನೆ ಇಲ್ಲದ 5:15 ಹೋಗಿ 21:30ರ ನಂತರ ಕೂರುತ್ತದೆ. 05:15 ಎಂದಿದ್ದರೆ ಸರಿಯಾದ ಜಾಗದಲ್ಲಿ ಇರುತ್ತದೆ.

ನಿಯಮ ತಪ್ಪುವುದು ಒಂದೇ ಗಂಟೆಯಲ್ಲಿ, ಅದು 12. ಮಧ್ಯಾಹ್ನದ 12ಕ್ಕೆ ಏನೂ ಕೂಡಿಸಬಾರದು, ಅದು 12 ಆಗಿಯೇ ಇರುತ್ತದೆ. ರಾತ್ರಿಯ 12ರಿಂದ 12 ಕಳೆಯಬೇಕು, ಅದು 00 ಆಗುತ್ತದೆ. ಹೀಗಾಗಿ ಮಧ್ಯಾಹ್ನ 12.40 ಅಂದರೆ 12:40, ರಾತ್ರಿ 12.40 ಅಂದರೆ 00:40.

“ರಾತ್ರಿ 12.40 ಆದ ಮೇಲೆ 1.25 ಬರುತ್ತೆ. ಹಾಗಿದ್ರೆ 12.40 ಯಾಕೆ ಸೊನ್ನೆ ಆಗ್ಬೇಕು? ದೊಡ್ಡ ಸಂಖ್ಯೆ ಮೊದಲು ಬರ್ತಿದೆಯಲ್ಲ!”

ನಿಮಗೆ ವಿಚಿತ್ರ ಅನ್ನಿಸಿದ್ದು ಸರಿಯಾಗಿಯೇ ಇದೆ. 12 ಗಂಟೆ ಲೆಕ್ಕದಲ್ಲಿ ಸುತ್ತು ಶುರುವಾಗುವುದು 1ರಿಂದ ಅಲ್ಲ, 12ರಿಂದ. ಅಲ್ಲಿ ಗಂಟೆಗಳ ಕ್ರಮ 12, 1, 2, 3 ಎಂದು ಹೋಗಿ 11ಕ್ಕೆ ಮುಗಿಯುತ್ತದೆ. ಅಂದರೆ ಆ 12 ಕೂತಿರುವುದು ಸೊನ್ನೆಯ ಜಾಗದಲ್ಲಿ. 24 ಗಂಟೆ ಲೆಕ್ಕ ಅದನ್ನು ಸೊನ್ನೆ ಎಂದೇ ಬರೆಯುತ್ತದೆ. ಆಗ 00:40, 01:25, 02:30 ಎಂದು ಸಂಖ್ಯೆಗಳು ಏರುತ್ತಲೇ ಹೋಗುತ್ತವೆ.

ಇದನ್ನು ಹೀಗೆ ನೋಡಿದರೆ ಪ್ರತ್ಯೇಕ ನಿಯಮಗಳೇ ಬೇಕಾಗುವುದಿಲ್ಲ. ಎಲ್ಲೇ 12 ಕಂಡರೂ ಮೊದಲು ಅದನ್ನು 0 ಎಂದುಕೊಳ್ಳಿ. ಆಮೇಲೆ ಪಿಎಂ ಇದ್ದರೆ 12 ಕೂಡಿಸಿ. ಮಧ್ಯಾಹ್ನದ 12 ಮೊದಲು 0 ಆಗಿ, ಮತ್ತೆ 12 ಆಗುತ್ತದೆ. ರಾತ್ರಿಯ 12 ಸೊನ್ನೆಯಾಗಿಯೇ ಉಳಿಯುತ್ತದೆ.

“ನನ್ನ ಪಟ್ಟೀಲಿ ಎಎಂ, ಪಿಎಂ ಇಲ್ಲ. ‘ರಾ. 11.10’, ‘ರಾ. 1.25’, ‘ಬೆ. 5.15’ ಅಂತ ಇದೆ. ರಾ. ಅಂದ್ರೆ ಪಿಎಂ ಅಂತ ತಗೊಳ್ಳಲಾ?”

ತಗೊಳ್ಳಬೇಡಿ. ಕನ್ನಡದ ಪಟ್ಟಿಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ಎಎಂ, ಪಿಎಂ ದಿನವನ್ನು ಸರಿಯಾಗಿ ಎರಡು ಭಾಗ ಮಾಡುತ್ತವೆ. ನಾವು ಮಾತಾಡುವ ರಾತ್ರಿ ಹಾಗಲ್ಲ. ಅದು ಊಟದ ಹೊತ್ತಿಗೆ ಶುರುವಾಗಿ, 12 ದಾಟಿ, ಬೆಳಗಿನ ಜಾವದವರೆಗೂ ಹೋಗುತ್ತದೆ. ಆದ್ದರಿಂದ ‘ರಾ.’ ಎಂಬ ಒಂದೇ ಗುರುತಿಗೆ ಎರಡು ಅರ್ಥ. 7ರಿಂದ 11ರವರೆಗಿನ ಗಂಟೆಗಳ ಜೊತೆ ಬಂದರೆ ಅದು ಪಿಎಂ, 12 ಕೂಡಿಸಬೇಕು. 12, 1, 2, 3 ಇವುಗಳ ಜೊತೆ ಬಂದರೆ ಅದು ಎಎಂ. ರಾ. 11.10 ಅಂದರೆ 23:10. ರಾ. 1.25 ಅಂದರೆ 01:25, ಖಂಡಿತ 13:25 ಅಲ್ಲ.

4, 5 ಮತ್ತು 6 ಗಂಟೆಗಳಿಗೆ ‘ರಾ.’ ಬರುವುದು ಕಡಿಮೆ. ಅಲ್ಲಿ ‘ಬೆ.’ ಅಥವಾ ‘ಸಂ.’ ಇರುತ್ತದೆ, ಗೊಂದಲವಿಲ್ಲ. ‘ಬೆಳಗಿನ ಜಾವ’ ಎಂದಿದ್ದರೆ ಅದು ಯಾವಾಗಲೂ ಎಎಂ. ಆಮಂತ್ರಣ ಪತ್ರಿಕೆಗಳಲ್ಲಿ ಬರುವ ‘ಪೂರ್ವಾಹ್ನ’ ಎಎಂ, ‘ಅಪರಾಹ್ನ’ ಪಿಎಂ.

ಕೆಲವು ಪಟ್ಟಿಗಳಲ್ಲಿ ‘ಬೆ. 12.40’ ಎಂದೂ ಇರುತ್ತದೆ. ಎಎಂ ಎಂಬುದನ್ನು ಯಾರೋ ಕಣ್ಣು ಮುಚ್ಚಿ ‘ಬೆಳಗ್ಗೆ’ ಎಂದು ಬರೆದಿರುತ್ತಾರೆ. ಅದು 00:40. ಅನುಮಾನ ಬಂದರೆ ಹಿಂದಿನ ಮತ್ತು ಮುಂದಿನ ನಿಲ್ದಾಣ ನೋಡಿ. 23:10ಕ್ಕೆ ತುಮಕೂರು ಬಿಟ್ಟ ಬಸ್ಸು ಹಿರಿಯೂರಿಗೆ ಮರುದಿನ ಮಧ್ಯಾಹ್ನ ಬರಲಾರದು.

“‘12 PM’ ಅಂತ ಬರೀ ಇಷ್ಟೇ ಇದೆ. ಮಧ್ಯಾಹ್ನವೋ ಮಧ್ಯರಾತ್ರಿಯೋ?”

ಕಂಪ್ಯೂಟರು, ಮೊಬೈಲು, ಡಿಜಿಟಲ್ ಗಡಿಯಾರಗಳಲ್ಲಿ 12 PM ಅಂದರೆ ಮಧ್ಯಾಹ್ನ, 12 AM ಅಂದರೆ ಮಧ್ಯರಾತ್ರಿ. ಅಲ್ಲಿ ಗೊಂದಲವಿಲ್ಲ.

ಮನುಷ್ಯರು ಕೈಯಿಂದ ಬರೆದ ಪಟ್ಟಿಯಾದರೆ ನಂಬಬೇಡಿ. ರಾತ್ರಿ 11 ಗಂಟೆ ಪಿಎಂ ಆದ್ದರಿಂದ 12 ಕೂಡ ಪಿಎಂ ಎಂದುಕೊಂಡು ಬರೆದವರು ಬಹಳ ಜನ. ಮೂಲ ಅರ್ಥದಲ್ಲಿ ಎಎಂ ಎಂದರೆ ನಡುಹಗಲಿಗೆ ಮೊದಲು, ಪಿಎಂ ಎಂದರೆ ನಡುಹಗಲಿನ ನಂತರ. ಸರಿಯಾಗಿ ನಡುಹಗಲು ಎರಡೂ ಅಲ್ಲ. ಹಾಗಾಗಿ ಅಳತೆಗಳ ವಿಷಯದಲ್ಲಿ ಕಟ್ಟುನಿಟ್ಟಾದ ಸಂಸ್ಥೆಗಳು ಸರಿಯಾಗಿ 12ಕ್ಕೆ ಈ ಗುರುತುಗಳನ್ನೇ ಬಳಸಬೇಡಿ ಎನ್ನುತ್ತವೆ. ಪಟ್ಟಿ ಬರೆಯುವವರು ನೀವಾಗಿದ್ದರೆ ‘ಮಧ್ಯಾಹ್ನ 12’ ಅಥವಾ ‘ಮಧ್ಯರಾತ್ರಿ 12’ ಎಂದು ಬರೆಯಿರಿ. ಪಟ್ಟಿ ಬೇರೆಯವರದಾದರೆ ಅಕ್ಕಪಕ್ಕದ ಸಾಲು ನೋಡಿ, ಅಲ್ಲೂ ತಿಳಿಯದಿದ್ದರೆ ಕೇಳಿಯೇ ಬಿಡಿ.

## ಇಡೀ ಪಟ್ಟಿ, ಮಧ್ಯರಾತ್ರಿ ದಾಟಿ

“ಒಂದು ಪೂರ್ತಿ ಪಟ್ಟೀನ ಮಾಡಿ ತೋರಿಸ್ತೀರಾ? ಒಂದೊಂದು ವೇಳೆ ಗೊತ್ತಾಗತ್ತೆ, ಸಾಲಾಗಿ ಬಂದಾಗ ತಲೆ ಕೆಡತ್ತೆ.”

ಮೇಲಿಂದ ಕೆಳಕ್ಕೆ ಸಾಗಿ, ಮೊದಲು ಗಂಟೆ ಬದಲಾಯಿಸಿ. ಆಮೇಲೆ ಮತ್ತೆ ಮೇಲಿಂದ ಕೆಳಕ್ಕೆ ಬಂದು ತಾರೀಖು ಹಾಕಿ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ.

| ನಿಲ್ದಾಣ | ಪಟ್ಟಿಯಲ್ಲಿ | 24 ಗಂಟೆ | ತಾರೀಖು |
|---|---|---|---|
| ಬೆಂಗಳೂರು | ರಾ. 9.30 | 21:30 | ಶನಿ, 28 ಫೆಬ್ರವರಿ |
| ತುಮಕೂರು | ರಾ. 11.10 | 23:10 | ಶನಿ, 28 ಫೆಬ್ರವರಿ |
| ಹಿರಿಯೂರು | ರಾ. 12.40 | 00:40 | ಭಾನು, 1 ಮಾರ್ಚ್ |
| ಚಿತ್ರದುರ್ಗ | ರಾ. 1.25 | 01:25 | ಭಾನು, 1 ಮಾರ್ಚ್ |
| ದಾವಣಗೆರೆ | ರಾ. 2.30 | 02:30 | ಭಾನು, 1 ಮಾರ್ಚ್ |
| ಹಾವೇರಿ | ಬೆ. 3.50 | 03:50 | ಭಾನು, 1 ಮಾರ್ಚ್ |
| ಹುಬ್ಬಳ್ಳಿ | ಬೆ. 5.15 | 05:15 | ಭಾನು, 1 ಮಾರ್ಚ್ |

ಮೂರನೇ ಕಾಲಂ ಮಾತ್ರ ಓದಿ. 21:30, 23:10 ಎಂದು ಏರುತ್ತಿದ್ದ ಸಂಖ್ಯೆ ಹಿರಿಯೂರಿನಲ್ಲಿ ಧುತ್ತನೆ 00:40ಕ್ಕೆ ಇಳಿಯುತ್ತದೆ. ಬಸ್ಸು ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಸಂಖ್ಯೆ ಇಳಿದ ಜಾಗದಲ್ಲಿ ದಿನ ಬದಲಾಗಿದೆ ಎಂದೇ ಅರ್ಥ. ಅಲ್ಲಿ ತಾರೀಖಿಗೆ ಒಂದು ಕೂಡಿಸಿ. ಅಲ್ಲಿಂದ ಕೆಳಗೆ ಸಂಖ್ಯೆ ಮತ್ತೆ ಇಳಿಯುವವರೆಗೆ ಅದೇ ತಾರೀಖು.

ತಿಂಗಳ ಕೊನೆಯ ದಿನವನ್ನು ಬೇಕೆಂದೇ ಆರಿಸಿದ್ದೇನೆ. ಒಂದು ಕೂಡಿಸುವುದು ಅಂದಾಗ 28 ಹೋಗಿ 29 ಎಂದು ಕೈ ತಾನಾಗಿಯೇ ಬರೆಯುತ್ತದೆ. 2026ರಲ್ಲಿ ಫೆಬ್ರವರಿ 29 ಇಲ್ಲ. ಡಿಸೆಂಬರ್ 31ರ ರಾತ್ರಿ ಹೊರಡುವ ಬಸ್ಸಾದರೆ ವರ್ಷವನ್ನೂ ಬದಲಾಯಿಸಬೇಕು.

ಈ ಉಪಾಯಕ್ಕೆ ಒಂದು ಮಿತಿ ಇದೆ. ಎರಡು ಸಾಲುಗಳ ನಡುವೆ 24 ಗಂಟೆಗಿಂತ ಜಾಸ್ತಿ ಅಂತರ ಇದ್ದರೆ ಸಂಖ್ಯೆ ಇಳಿಯದೆಯೂ ದಿನ ಬದಲಾಗಿರಬಹುದು. ಬಸ್ಸಿನಲ್ಲಿ ಹಾಗಾಗುವುದಿಲ್ಲ. ಮೂರು ದಿನದ ಯಾತ್ರೆಯ ಪಟ್ಟಿಯಲ್ಲಿ ಆಗಬಹುದು. ಅಲ್ಲಿ ದಿನವನ್ನು ಮೂಲದಲ್ಲೇ ಬರೆದಿರಬೇಕು.

“ಬಸ್ಸು ಒಂದು ಕಡೆ 11.55ಕ್ಕೆ ಬಂದು 12.05ಕ್ಕೆ ಹೊರಡತ್ತೆ. ಆ ಸಾಲಿಗೆ ಯಾವ ತಾರೀಖು ಹಾಕ್ಲಿ?”

ಎರಡೂ. ಬರುವ ವೇಳೆಯನ್ನು, ಹೊರಡುವ ವೇಳೆಯನ್ನು ಬೇರೆ ಬೇರೆ ಸಾಲಿನಲ್ಲಿ ಇಟ್ಟುಬಿಡಿ. 28ರ 23:55ಕ್ಕೆ ಬಂತು, 1ರ 00:05ಕ್ಕೆ ಹೊರಟಿತು. ಒಂದೇ ಸಾಲಿನಲ್ಲಿ ಒಂದೇ ತಾರೀಖು ಕೊಟ್ಟರೆ ಬಸ್ಸು ಬರುವ ಮೊದಲೇ ಹೊರಟಂತೆ ಕಾಣುತ್ತದೆ.

“ನಾನು ಚಿತ್ರದುರ್ಗದಲ್ಲಿ ಹತ್ತೋದು. ಟಿಕೆಟ್ ಶನಿವಾರದ್ದು. ಬಸ್ಸು 01:25ಕ್ಕೆ. ಶುಕ್ರವಾರ ರಾತ್ರಿ ಹೋಗಿ ನಿಲ್ಲಬೇಕಾ, ಶನಿವಾರ ರಾತ್ರೀನಾ?”

ನಮ್ಮ ಉದಾಹರಣೆಯ ಬಸ್ಸಿಗಾದರೆ ಶನಿವಾರ ರಾತ್ರಿ ಊಟ ಮಾಡಿ, ಎಚ್ಚರವಿದ್ದು, ಹೋಗಿ ನಿಲ್ಲಬೇಕು. ಗಡಿಯಾರದ ಪ್ರಕಾರ ಆಗ ಭಾನುವಾರ 01:25. ಬಸ್ಸು ಬೆಂಗಳೂರು ಬಿಟ್ಟ ತಾರೀಖಿನಿಂದ ಅದನ್ನು ‘ಶನಿವಾರದ ಬಸ್ಸು’ ಎನ್ನುತ್ತಾರೆ.

ಆದರೆ ಎಲ್ಲ ಟಿಕೆಟ್‌ಗಳೂ ಹೀಗೇ ಇರುವುದಿಲ್ಲ. ಬಸ್ಸಿನ ಟಿಕೆಟ್‌ನಲ್ಲಿ ಎರಡು ತಾರೀಖು ಸಾಧ್ಯ: ಬಸ್ಸು ಮೊದಲ ಊರು ಬಿಡುವ ತಾರೀಖು, ನೀವು ಹತ್ತುವ ತಾರೀಖು. ಎರಡರಲ್ಲಿ ಯಾವುದನ್ನು ಮುದ್ರಿಸಿದ್ದಾರೆ ಎಂದು ನೋಡಲೇಬೇಕು. ಹತ್ತುವ ಜಾಗದ ಪಕ್ಕದಲ್ಲಿ ವೇಳೆಯ ಜೊತೆ ತಾರೀಖೂ ಇದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳುವಾಗ ‘ಶನಿವಾರ ರಾತ್ರಿಯ ಬಸ್ಸಾ?’ ಎಂದು ಕೇಳಬೇಡಿ. ‘ಬೆಂಗಳೂರಿನಿಂದ ಯಾವ ತಾರೀಖು ಹೊರಡುತ್ತೆ?’ ಎಂದು ಕೇಳಿ. ಆ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯ.

ರೈಲಿನಲ್ಲಿ ಲೆಕ್ಕ ಬೇರೆ. ಮುಂಗಡ ಟಿಕೆಟ್‌ನ ತಾರೀಖು ನೀವು ಹತ್ತುವ ನಿಲ್ದಾಣಕ್ಕೆ ಸೇರಿದ್ದು, ಮತ್ತು ರೈಲ್ವೆಯವರು 24 ಗಂಟೆ ಲೆಕ್ಕವನ್ನೇ ಬಳಸುತ್ತಾರೆ. ರೈಲು 1ನೇ ತಾರೀಖು 00:20ಕ್ಕೆ ಎಂದಿದ್ದರೆ ನೀವು 28ರ ರಾತ್ರಿಯೇ ಪ್ಲಾಟ್‌ಫಾರ್ಮಿನಲ್ಲಿರಬೇಕು. 1ರ ರಾತ್ರಿ ಹೋದರೆ ರೈಲು ಹೋಗಿ ಹತ್ತಿರ ಹತ್ತಿರ ಒಂದು ದಿನ ಆಗಿರುತ್ತದೆ. ಮನೆಯವರಿಗೆ ಹೇಳುವಾಗ ‘1ರ ರಾತ್ರಿ’ ಎನ್ನುವ ಬದಲು ‘ಶನಿವಾರ ರಾತ್ರಿ ಊಟ ಆದ ಮೇಲೆ’ ಎಂದು ಹೇಳಿದರೆ ಯಾರೂ ತಪ್ಪುವುದಿಲ್ಲ.

“ಜಾತ್ರೆಯ ಕರಪತ್ರದಲ್ಲಿ ‘ಶನಿವಾರ ರಾತ್ರಿ 1.30ಕ್ಕೆ’ ಅಂತಿದೆ. ಇದಕ್ಕೆ ಶನಿವಾರದ 01:30 ಅಂತ ಬರೆದ್ರೆ ತಪ್ಪಾ?”

ಹೌದು, ಹೆಚ್ಚು ಕಡಿಮೆ ಒಂದು ದಿನ ಮೊದಲೇ ಆಗಿಹೋಗುತ್ತದೆ. ಶನಿವಾರದ 01:30 ಎಂದರೆ ಶುಕ್ರವಾರ ಮಲಗಿದ ಮೇಲಿನ ಹೊತ್ತು. ಕರಪತ್ರದವರು ಹೇಳುತ್ತಿರುವುದು ಭಾನುವಾರ 01:30.

ಅವರು ತಪ್ಪು ಬರೆದಿಲ್ಲ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಮಧ್ಯರಾತ್ರಿಗಲ್ಲ. ಶನಿವಾರ ಹುಟ್ಟಿದ ಸೂರ್ಯ ಭಾನುವಾರ ಮತ್ತೆ ಹುಟ್ಟುವವರೆಗೂ ಅದು ಶನಿವಾರವೇ. ನಾವು ಮಾತಾಡುವುದೂ ಹಾಗೆಯೇ. ರಾತ್ರಿಯಿಡೀ ನಡೆಯುವ ಯಕ್ಷಗಾನ, ಶಿವರಾತ್ರಿಯ ಜಾಮದ ಪೂಜೆ ಇವನ್ನೆಲ್ಲ ಶುರುವಾದ ದಿನದ ಹೆಸರಿನಿಂದಲೇ ಕರೆಯುತ್ತೇವೆ.

ಗಡಿಯಾರದ ತಾರೀಖಿಗೆ ತರುವಾಗ ಮಾತ್ರ ಎಚ್ಚರ ಬೇಕು. ಮಧ್ಯರಾತ್ರಿ 12ರಿಂದ ಸೂರ್ಯೋದಯದವರೆಗಿನ ವೇಳೆಗೆ ‘ರಾತ್ರಿ’ ಎಂದು ಬರೆದು ಹಿಂದಿನ ದಿನದ ಹೆಸರು ಕೊಟ್ಟಿದ್ದರೆ ತಾರೀಖನ್ನು ಒಂದು ಮುಂದೆ ತಳ್ಳಿ. ‘ಬೆಳಗಿನ ಜಾವ 4’ ಎಂದಿದ್ದರೆ ತಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ. ‘ಭಾನುವಾರ ಬೆಳಗಿನ ಜಾವ 4’ ಎಂದು ಬರೆಯುವವರು ಸಾಮಾನ್ಯವಾಗಿ ಭಾನುವಾರ 04:00 ಎಂದೇ ಹೇಳುತ್ತಿರುತ್ತಾರೆ. ಅಲ್ಲಿ ಮತ್ತೊಂದು ದಿನ ತಳ್ಳಿದರೆ ಸೋಮವಾರ ಆಗಿಬಿಡುತ್ತದೆ.

“24:00 ಮತ್ತು 00:00 ಎರಡೂ ಒಂದೇ ಅಲ್ವಾ?”

ಕ್ಷಣ ಒಂದೇ, ತಾರೀಖು ಬೇರೆ. ಶನಿವಾರದ 24:00 ಮತ್ತು ಭಾನುವಾರದ 00:00 ಒಂದೇ ಹೊತ್ತು. ತಾರೀಖು ಮತ್ತು ವೇಳೆ ಬರೆಯುವ ಅಂತರರಾಷ್ಟ್ರೀಯ ಮಾನದಂಡ ISO 8601 ಇದರ ಬಗ್ಗೆ ಮನಸ್ಸು ಬದಲಿಸಿದ್ದೂ ಇದೆ. ಹಿಂದೆ 24:00ಕ್ಕೆ ಜಾಗ ಇತ್ತು, 2019ರ ಆವೃತ್ತಿಯಲ್ಲಿ ತೆಗೆದರು, 2022ರ ತಿದ್ದುಪಡಿಯಲ್ಲಿ ಮತ್ತೆ ತಂದರು. ನನ್ನ ಸಲಹೆ: ಹೊರಡುವ ಅಥವಾ ಶುರುವಾಗುವ ವೇಳೆಗೆ 00:00, ಮುಗಿಯುವ ವೇಳೆಗೆ ಮಾತ್ರ ಬೇಕಿದ್ದರೆ 24:00. ಅಂಗಡಿ 16:00ರಿಂದ 24:00ರವರೆಗೆ ತೆರೆದಿರುತ್ತದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

‘ಶನಿವಾರ ಮಧ್ಯರಾತ್ರಿಯೊಳಗೆ ಅರ್ಜಿ ಸಲ್ಲಿಸಿ’ ಎಂಬಂಥ ಗಡುವುಗಳಿಗೆ ಎರಡೂ ಬೇಡ. ‘ಶನಿವಾರ 23:59ರೊಳಗೆ’ ಎಂದು ಬರೆಯಿರಿ. ಒಂದು ನಿಮಿಷ ಬಿಟ್ಟುಕೊಟ್ಟರೆ ಒಂದು ದಿನದ ಜಗಳ ತಪ್ಪುತ್ತದೆ.

“21:30ರಿಂದ 05:15ಕ್ಕೆ ಎಷ್ಟು ಗಂಟೆ? ಕಳೆದ್ರೆ ಮೈನಸ್ ಬರ್ತಿದೆ.”

ಕೊನೆಯ ವೇಳೆ ಮರುದಿನದ್ದು, ಅದಕ್ಕೆ 24 ಕೂಡಿಸಿ ಆಮೇಲೆ ಕಳೆಯಿರಿ. 05:15ಕ್ಕೆ 24 ಗಂಟೆ ಕೂಡಿದರೆ 29:15. ಅದರಲ್ಲಿ 21:30 ಕಳೆದರೆ 7 ಗಂಟೆ 45 ನಿಮಿಷ. 15ರಿಂದ 30 ನಿಮಿಷ ಕಳೆಯಲಾಗದಿದ್ದಾಗ ಒಂದು ಗಂಟೆ ಸಾಲ ತರುವುದು 60 ನಿಮಿಷ, 100 ಅಲ್ಲ. ಕ್ಯಾಲ್ಕುಲೇಟರಿನಲ್ಲಿ 29.15 − 21.30 ಎಂದು ಒತ್ತಿದವರಿಗೆ 7.85 ಬರುವುದು ಇದರಿಂದಲೇ.

ಬಾಯಿಲೆಕ್ಕಕ್ಕೆ ಮಧ್ಯರಾತ್ರಿಯಲ್ಲಿ ಮುರಿಯುವುದು ಸುಲಭ. 21:30ರಿಂದ ಮಧ್ಯರಾತ್ರಿಗೆ ಎರಡೂವರೆ ಗಂಟೆ, ಅಲ್ಲಿಂದ 05:15ಕ್ಕೆ ಐದೂಕಾಲು. ಒಟ್ಟು ಏಳೂಮುಕ್ಕಾಲು.

“ರಾತ್ರಿ ಪಾಳಿ 10ರಿಂದ 6. ಹಾಜರಿ ಪುಸ್ತಕದಲ್ಲಿ ಯಾವ ದಿನದ್ದು ಅಂತ ಬರೀಬೇಕು?”

ಪಾಳಿ ಶುರುವಾದ ದಿನದ್ದು ಎಂದು ಇಟ್ಟುಕೊಂಡರೆ ಪುಸ್ತಕ ಓದಲು ಸುಲಭ: 28 ಫೆಬ್ರವರಿ, 22:00ರಿಂದ 06:00 (+1). ಆ +1 ಎಂಬುದು ಮರುದಿನ ಎಂಬ ಗುರುತು. ನಿಮ್ಮಲ್ಲಿ ಬೇರೆ ಕ್ರಮ ಇದ್ದರೆ ಅದೇ ಇರಲಿ, ಆದರೆ ಎಲ್ಲ ಸಾಲಿಗೂ ಒಂದೇ ಕ್ರಮ ಇರಬೇಕು. ಇಲ್ಲದಿದ್ದರೆ ತಿಂಗಳ ಕೊನೆಯ ಪಾಳಿ ಎರಡು ತಿಂಗಳಲ್ಲೂ ಲೆಕ್ಕಕ್ಕೆ ಬರುತ್ತದೆ, ಅಥವಾ ಎರಡರಲ್ಲೂ ಬಿಟ್ಟುಹೋಗುತ್ತದೆ.

## ಕಂಪ್ಯೂಟರಿನಲ್ಲಿ ಮಾಡುವವರಿಗೆ

“ಎಕ್ಸೆಲ್‌ನಲ್ಲಿ 9.30 ಅಂತ ಹಾಕಿ ಟೈಮ್ ಫಾರ್ಮ್ಯಾಟ್ ಕೊಟ್ರೆ 07:12 ತೋರಿಸ್ತಿದೆ! ಯಾಕೆ?”

ನೀವು ಚುಕ್ಕೆ ಹಾಕಿದ್ದರಿಂದ. ಕನ್ನಡದಲ್ಲಿ 9.30 ಎಂದು ಬರೆಯುವುದು ರೂಢಿ, ಆದರೆ ಎಕ್ಸೆಲ್‌ಗೆ ಅದು ಒಂಬತ್ತೂ ದಶಮಾಂಶ ಮೂರು. ಎಕ್ಸೆಲ್ ಒಂದು ಪೂರ್ತಿ ದಿನವನ್ನು 1 ಎಂದು ಎಣಿಸುತ್ತದೆ, ವೇಳೆ ಎಂದರೆ ಅದರ ಭಾಗ. 9.3ರಲ್ಲಿ 9 ದಿನವಾಯಿತು, ಉಳಿದ 0.3 ದಿನ ಎಂದರೆ 7 ಗಂಟೆ 12 ನಿಮಿಷ. ಅದೇ 07:12.

ವೇಳೆಯನ್ನು `9:30 PM` ಎಂದು ಬರೆಯಿರಿ. ಚುಕ್ಕೆಯ ಜಾಗದಲ್ಲಿ ಕೋಲನ್, ಅಂಕಿಗೂ PMಗೂ ನಡುವೆ ಒಂದು ಖಾಲಿ ಜಾಗ. ಜಾಗ ಇಲ್ಲದೆ `9:30PM` ಎಂದರೆ ಎಕ್ಸೆಲ್ ಅದನ್ನು ಬರೀ ಪಠ್ಯ ಎಂದುಕೊಳ್ಳುತ್ತದೆ. ಪಠ್ಯ ಆಗಿದೆಯೇ ಎಂದು ತಿಳಿಯುವುದು ಸುಲಭ: ಅಗಲ, ಜೋಡಣೆ ಏನೂ ಬದಲಿಸದೆ ಇದ್ದಾಗ ವೇಳೆ ಕೋಶದ ಬಲಕ್ಕೆ ಅಂಟಿರುತ್ತದೆ, ಪಠ್ಯ ಎಡಕ್ಕೆ. ಸರಿಯಾಗಿ ಕೂತ ಮೇಲೆ ಫಾರ್ಮ್ಯಾಟ್ `hh:mm` ಕೊಟ್ಟರೆ 21:30 ಕಾಣುತ್ತದೆ.

‘ರಾ.’, ‘ಬೆ.’ ಎಂಬ ಗುರುತುಗಳು ಎಕ್ಸೆಲ್‌ಗೆ ಗೊತ್ತಿಲ್ಲ. ಅವನ್ನು AM, PM ಮಾಡುವ ಕೆಲಸವನ್ನು ಕೈಯಿಂದಲೇ ಮಾಡಿ. ಎಲ್ಲ ‘ರಾ.’ಗಳನ್ನೂ ಒಟ್ಟಿಗೆ PM ಎಂದು ಬದಲಿಸಿದರೆ ರಾತ್ರಿ 1.25 ಮಧ್ಯಾಹ್ನಕ್ಕೆ ಹೋಗಿ ಕೂರುತ್ತದೆ.

“ತಾರೀಖು ತಾನಾಗೇ ಬದಲಾಗೋ ಹಾಗೆ ಸೂತ್ರ ಇದೆಯಾ?”

ಇದೆ. ಮೊದಲ ಸಾಲು ತಲೆಬರಹ. A ಕಾಲಂನಲ್ಲಿ ನಿಲ್ದಾಣ, B ಕಾಲಂಗೆ ಮೊದಲೇ Text ಫಾರ್ಮ್ಯಾಟ್ ಕೊಟ್ಟು, ಅಲ್ಲಿ ಪಠ್ಯವಾಗಿ `12:40 AM` ಥರದ ವೇಳೆ ಇರಲಿ. ಹೊರಡುವ ತಾರೀಖು F1ರಲ್ಲಿ ಇರಲಿ. C2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=TIMEVALUE(B2)
```

D2ರಲ್ಲಿ ಮೊದಲ ನಿಲ್ದಾಣದ ತಾರೀಖು ಮತ್ತು ವೇಳೆ:

```
=$F$1+C2
```

D3ರಲ್ಲಿ ಇದು, ಆಮೇಲೆ ಕೊನೆಯ ಸಾಲಿನವರೆಗೆ ಎಳೆಯಿರಿ:

```
=INT(D2)+(C3<C2)+C3
```

D ಕಾಲಂಗೆ `dd-mm-yyyy hh:mm` ಫಾರ್ಮ್ಯಾಟ್ ಕೊಡಿ. ಸೂತ್ರ ಮಾಡುವುದು ಕೈಯಿಂದ ಮಾಡಿದ್ದನ್ನೇ. `INT(D2)` ಮೇಲಿನ ಸಾಲಿನ ತಾರೀಖು. `(C3<C2)` ಎಂದರೆ ವೇಳೆ ಮೇಲಿನದಕ್ಕಿಂತ ಇಳಿದಿದೆಯೇ ಎಂಬ ಪ್ರಶ್ನೆ. ಹೌದು ಎಂದಾದರೆ 1, ಇಲ್ಲವಾದರೆ 0. ತಿಂಗಳು, ವರ್ಷ ಎಲ್ಲವನ್ನೂ ಎಕ್ಸೆಲ್ ನೋಡಿಕೊಳ್ಳುತ್ತದೆ.

ಒಂದೇ ಷರತ್ತು: ಸಾಲುಗಳು ಬಸ್ಸು ಹೋಗುವ ಕ್ರಮದಲ್ಲೇ ಇರಬೇಕು. ಹಾವೇರಿ ತಪ್ಪಿ ದಾವಣಗೆರೆಗಿಂತ ಮೇಲೆ ಬಂದರೆ ಸೂತ್ರ ಅಲ್ಲೊಂದು ದಿನ ಸುಮ್ನೆ ಸೇರಿಸುತ್ತದೆ.

ಒಟ್ಟು ಅವಧಿಗೆ ಕೊನೆಯ ಸಾಲಿನ D ಕೋಶದಿಂದ D2 ಕಳೆದು, ಫಾರ್ಮ್ಯಾಟ್ `[h]:mm` ಕೊಡಿ. ತಾರೀಖು ಇಲ್ಲದೆ ಬರೀ ವೇಳೆಗಳಿದ್ದರೆ `=MOD(C8-C2,1)` ಸಾಕು, ಆದರೆ ಅದು 24 ಗಂಟೆಗಿಂತ ಕಡಿಮೆ ಅವಧಿಗೆ ಮಾತ್ರ ಸರಿ. MOD ಇಲ್ಲದೆ ಕಳೆದರೆ ಕೋಶ ತುಂಬ #### ಬರುತ್ತದೆ. ಕಾಲಂ ಅಗಲ ಮಾಡಿದರೂ ಹೋಗದಿದ್ದರೆ ಅದು ಋಣ ವೇಳೆಯ ಗುರುತು.

“ಎಲ್ಲಾ ಮಾಡಿದೆ. ಹುಬ್ಬಳ್ಳಿಗೆ 2 ಮಾರ್ಚ್ ಬೆಳಗ್ಗೆ ತಲುಪತ್ತೆ ಅಂತ ಬರ್ತಿದೆ. ಎಲ್ಲಿ ತಪ್ಪಿದೆ?”

ಹಿರಿಯೂರಿನ ಸಾಲು ನೋಡಿ. ಅಲ್ಲಿ 00:40ರ ಬದಲು 12:40 ಬಂದಿರಬೇಕು. ಈ ತಪ್ಪಿನ ಗುರುತೇ ಒಂದು ದಿನ ಜಾಸ್ತಿ ಆಗುವುದು.

23:10ರಿಂದ 12:40ಕ್ಕೆ ಸಂಖ್ಯೆ ಇಳಿಯಿತು, ಸೂತ್ರ 1 ಮಾರ್ಚ್ ಮಾಡಿತು. ಮುಂದೆ 12:40ರಿಂದ 01:25ಕ್ಕೆ ಮತ್ತೆ ಇಳಿಯಿತು, 2 ಮಾರ್ಚ್ ಆಯಿತು. ಏಳೂಮುಕ್ಕಾಲು ಗಂಟೆಯ ಪ್ರಯಾಣ 31 ಗಂಟೆ 45 ನಿಮಿಷ ಆಗುತ್ತದೆ. MOD ಸೂತ್ರದಿಂದ ಒಟ್ಟು ಅವಧಿ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅದು ಮೊದಲ ಮತ್ತು ಕೊನೆಯ ವೇಳೆಯನ್ನು ಮಾತ್ರ ನೋಡಿ 7:45 ಎಂದೇ ಹೇಳುತ್ತದೆ.

ಆದ್ದರಿಂದ E ಕಾಲಂನಲ್ಲಿ ಪ್ರತಿ ನಿಲ್ದಾಣಕ್ಕೂ ಹಿಂದಿನದಕ್ಕೂ ಇರುವ ಅಂತರ ಹಾಕಿ ನೋಡಿ, E3ರಲ್ಲಿ `=D3-D2`, ಫಾರ್ಮ್ಯಾಟ್ `[h]:mm`. ಸರಿಯಾದ ಪಟ್ಟಿಯಲ್ಲಿ ಅಂತರಗಳು 1:40, 1:30, 0:45, 1:05, 1:20, 1:25. ತಪ್ಪಾದ ಪಟ್ಟಿಯಲ್ಲಿ ಎರಡನೆಯದು 13:30, ಮೂರನೆಯದು 12:45. ಹನ್ನೆರಡು ಗಂಟೆ ಜಾಸ್ತಿಯಾದ ಎರಡು ಅಂತರ ಒಂದರ ಕೆಳಗೆ ಒಂದು ಬಂದರೆ ಅವುಗಳ ನಡುವಿನ ವೇಳೆಗೆ AM, PM ಅದಲುಬದಲಾಗಿದೆ.

“ಪೈಥಾನ್‌ನಲ್ಲಿ `%p` ಕೊಟ್ಟಿದ್ದೀನಿ, ಆದ್ರೂ 9:30 PM ಅನ್ನೋದು 09:30 ಅಂತಲೇ ಬರ್ತಿದೆ.”

ಗಂಟೆಗೆ `%H` ಬಳಸಿದ್ದೀರಿ. `%H` ಎಂದರೆ 24 ಗಂಟೆ ಲೆಕ್ಕ, ಅದು ಇದ್ದಾಗ `strptime` PM ಅನ್ನು ಓದುತ್ತದೆ, ಆದರೆ ಗಂಟೆಗೆ ಸೇರಿಸುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. `%I` ಬಳಸಬೇಕು. ತಾರೀಖಿನ ಲೆಕ್ಕವನ್ನೂ ಸೇರಿಸಿದರೆ ಹೀಗಾಗುತ್ತದೆ:

```python
from datetime import datetime, timedelta

times = ["9:30 PM", "11:10 PM", "12:40 AM", "1:25 AM"]
day = datetime(2026, 2, 28)
prev = None
for s in times:
    t = datetime.strptime(s, "%I:%M %p").time()
    if prev is not None and t < prev:
        day += timedelta(days=1)
    print(datetime.combine(day, t).strftime("%Y-%m-%d %H:%M"))
    prev = t
```

ಮೂರನೇ ಸಾಲಿನಲ್ಲಿ `2026-03-01 00:40` ಬಂದರೆ ಸರಿಯಾಗಿದೆ.

“ಅಣ್ಣ ದುಬೈಯಲ್ಲಿದ್ದಾನೆ. ಅಲ್ಲಿಯ ರಾತ್ರಿ 10.50 ಅಂದ್ರೆ ನಮಗೆ ಎಷ್ಟು, ಯಾವ ತಾರೀಖು?”

ಮೊದಲು 24 ಗಂಟೆಗೆ ತನ್ನಿ, ಆಮೇಲೆ ಮಾತ್ರ ದೇಶದ ವ್ಯತ್ಯಾಸ ಸೇರಿಸಿ. ಭಾರತ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿಯ 28 ಫೆಬ್ರವರಿ 22:50ಕ್ಕೆ 1:30 ಕೂಡಿದರೆ 24:20. 24 ದಾಟಿತು, ಅಂದರೆ ನಮಗೆ 1 ಮಾರ್ಚ್ 00:20. ತಿರುಗಿಸಿದರೆ, ಬಸ್ಸು ಹಿರಿಯೂರು ಮುಟ್ಟುವ 1 ಮಾರ್ಚ್ 00:40ಕ್ಕೆ ಅವರಿಗೆ ಇನ್ನೂ 28 ಫೆಬ್ರವರಿ 23:10. ಎರಡೂ ಕಡೆ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಬದಲಿಸುವ ಪದ್ಧತಿ ಇಲ್ಲ. ಅಮೆರಿಕ, ಯುರೋಪಿನ ಕಡೆ ಇದೆ, ಅಲ್ಲಿಗೆ ವರ್ಷವಿಡೀ ಒಂದೇ ವ್ಯತ್ಯಾಸ ಇಟ್ಟುಕೊಳ್ಳಬೇಡಿ.

“ಒಂದು ಫೈಲಿನಲ್ಲಿ `25:25:00` ಅಂತ ವೇಳೆ ಇದೆ. ಇದು ತಪ್ಪಲ್ವಾ?”

ತಪ್ಪಲ್ಲ, ಬೇಕೆಂದೇ ಬರೆದದ್ದು. ಬಸ್ಸು, ರೈಲುಗಳ ಮಾಹಿತಿಯನ್ನು ಮ್ಯಾಪ್ ಆ್ಯಪ್‌ಗಳಿಗೆ ಕೊಡಲು GTFS ಎಂಬ ನಮೂನೆ ಇದೆ. ಅದರ `stop_times.txt` ಫೈಲಿನಲ್ಲಿ ಮಧ್ಯರಾತ್ರಿ ದಾಟಿದ ವೇಳೆಗಳು 24ರ ಮೇಲೆ ಎಣಿಸುತ್ತಲೇ ಹೋಗುತ್ತವೆ. ನಮ್ಮ ಬಸ್ಸು ಅಲ್ಲಿ 21:30:00, 23:10:00, 24:40:00, 25:25:00, 26:30:00, 27:50:00, 29:15:00 ಎಂದು ಇರುತ್ತದೆ. ಎಲ್ಲವೂ ಶನಿವಾರದ ಲೆಕ್ಕ. ಜಪಾನಿನಲ್ಲಿ ತಡರಾತ್ರಿಯ ಟಿವಿ ಕಾರ್ಯಕ್ರಮಗಳಿಗೂ ಇದೇ ಥರ 25 ಗಂಟೆ, 26 ಗಂಟೆ ಎಂದು ಬರೆಯುತ್ತಾರೆ.

ಇದರಲ್ಲಿ ದೊಡ್ಡ ಅನುಕೂಲ ಇದೆ. ಬಸ್ಸು ಯಾವ ದಿನದ್ದು ಎಂಬುದು ಕಳೆದುಹೋಗುವುದಿಲ್ಲ, ಸಂಖ್ಯೆ ಎಲ್ಲೂ ಇಳಿಯುವುದಿಲ್ಲ, ಅವಧಿಗೆ ನೇರವಾಗಿ ಕಳೆದರೆ ಸಾಕು. ‘ಶನಿವಾರ ರಾತ್ರಿ 1.25’ ಎನ್ನುವ ನಮ್ಮ ಮಾತಿಗೂ ಇದು ಹತ್ತಿರ. ಆದ್ದರಿಂದ ದೊಡ್ಡ ಪಟ್ಟಿಯನ್ನು ಸಂಭಾಳಿಸುವವರು ಒಳಗೆ ಈ ರೂಪದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪ್ರಯಾಣಿಕರಿಗೆ ತೋರಿಸುವಾಗ ಮಾತ್ರ 24 ಕಳೆದು, ತಾರೀಖಿಗೆ ಒಂದು ಕೂಡಿಸಿ. 25:25 ಎಂಬುದು ಭಾನುವಾರ, 1 ಮಾರ್ಚ್, 01:25 ಆಗುತ್ತದೆ. ವೇಳೆಯಿಂದ 24 ಕಳೆದು ತಾರೀಖಿಗೆ ಒಂದು ಕೂಡಿಸುವುದನ್ನು ಮರೆತರೆ ಚಿತ್ರದುರ್ಗದವರು ಶುಕ್ರವಾರ ರಾತ್ರಿಯೇ ಬಂದು ಬಸ್ಸಿಗೆ ಕಾಯುತ್ತಾರೆ.